ಸಭೆ ಮುಗಿದ ಮೇಲೆ ಉಳಿಯುವುದು: ಭೋಸರಿಯ ಸಂಘಗಳಿಗೆ ಕಾರ್ಯಸೂಚಿ ಮತ್ತು ನಡಾವಳಿ



ಭೋಸರಿ, ಪಿಂಪ್ರಿ, ಚಿಂಚವಡಗಳ ಕಾರ್ಖಾನೆಗಳನ್ನು ನಂಬಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ಸಾಂಗಲಿ, ಕೊಲ್ಹಾಪುರದ ಕಡೆಗಳಿಂದ ಬಂದು ನೆಲೆಸಿದ ಜೈನ ಕುಟುಂಬಗಳು ಸೇರಿದಲ್ಲೆಲ್ಲ ಒಂದು ಸಂಘ ಹುಟ್ಟುವುದು ಸಹಜ. ಮಕ್ಕಳ ಪಾಠಶಾಲೆ, ದಶಲಕ್ಷಣ ಪರ್ವದ ವ್ಯವಸ್ಥೆ, ವಿದ್ಯಾರ್ಥಿಗಳಿಗೆ ನೆರವು ಇವು ಅದರ ಕೆಲಸ. ಇಂಥ ಸಂಘಗಳ ಮನೆಮನೆಯಲ್ಲೂ ಒಂದು ವಿಚಿತ್ರವನ್ನು ಕಾಣಬಹುದು. ಸೋಮವಾರದಿಂದ ಶನಿವಾರದವರೆಗೆ ಕಾರ್ಖಾನೆಯ ಬೆಳಗಿನ ಸಭೆಯಲ್ಲಿ ಕುಳಿತು, ಯಾವ ಯಂತ್ರ ಏಕೆ ನಿಂತಿತು, ಅದನ್ನು ಯಾರು ಸರಿಪಡಿಸಬೇಕು, ಯಾವ ದಿನದೊಳಗೆ ಎಂದು ಮೂರು ಕಾಲಂಗಳಲ್ಲಿ ಕರಾರುವಾಕ್ಕಾಗಿ ಬರೆಯುವ ಮೇಲ್ವಿಚಾರಕರು, ಭಾನುವಾರ ತಮ್ಮದೇ ಸಂಘದ ಸಭೆಗೆ ಬಂದಾಗ ಒಂದು ಸಾಲನ್ನೂ ಬರೆಯುವುದಿಲ್ಲ. ಮೂರು ಗಂಟೆ ಮಾತು ನಡೆಯುತ್ತದೆ. ಆರು ತಿಂಗಳ ಬಳಿಕ ಅಂದು ಏನು ತೀರ್ಮಾನವಾಯಿತೆಂದು ಕೇಳಿದರೆ ಐವರು ಐದು ಉತ್ತರ ಕೊಡುತ್ತಾರೆ.

ಇದು ಬರಿಯ ಅಶಿಸ್ತಿನ ಮಾತಾಗಿದ್ದರೆ ಇಷ್ಟು ವಿಚಾರ ಬೇಕಾಗಿರಲಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ನೋಂದಾಯಿತವಾದ ಸಾರ್ವಜನಿಕ ನ್ಯಾಸಕ್ಕೆ ನಡಾವಳಿಯೇ ಜೀವ. 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯ 22ನೆಯ ಕಲಮಿನಂತೆ, ವಿಶ್ವಸ್ತರು ಬದಲಾದಾಗ ಆ ಬದಲಾವಣೆಯನ್ನು 90 ದಿನಗಳೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ ವರದಿ ಮಾಡಬೇಕು. ಪುಣೆಯಲ್ಲಿ ಎಲ್ಲರೂ ಇದನ್ನು ಚೇಂಜ್ ರಿಪೋರ್ಟ್ ಎಂದೇ ಕರೆಯುತ್ತಾರೆ. ವರದಿಯೊಡನೆ ಸಭೆಯ ನೋಟೀಸು, ಅದು ಸದಸ್ಯರಿಗೆ ತಲುಪಿದ ಪುರಾವೆ, ಕಾರ್ಯಸೂಚಿ, ಹಾಜರಿ, ಠರಾವು ಇವೆಲ್ಲವೂ ಪರಿಶೀಲನೆಗೆ ಬರುತ್ತವೆ. ಒಂದು ಕೊಂಡಿ ತಪ್ಪಿದರೂ ತಕರಾರಿಗೆ ಎಡೆಯಾಗುತ್ತದೆ. ಹಳೆಯ ವಿಶ್ವಸ್ತರು ಊರು ಬಿಟ್ಟಿರುತ್ತಾರೆ, ಹೊಸಬರ ಹೆಸರು ದಾಖಲೆಯಲ್ಲಿ ಇರುವುದಿಲ್ಲ, ಬ್ಯಾಂಕು ಹೊಸ ಸಹಿಯನ್ನು ಒಪ್ಪುವುದಿಲ್ಲ. ಹಣ ಖಾತೆಯಲ್ಲಿದ್ದೂ ವಿದ್ಯಾರ್ಥಿಯ ಕೈಗೆ ಹೋಗುವುದಿಲ್ಲ. ಜಗಳವಾಡಿ ಒಡೆದ ಸಂಘಗಳಷ್ಟೇ, ಸರಿಯಾಗಿ ಬರೆಯದೆ ನಿಂತುಹೋದ ಸಂಘಗಳೂ ಇರಬಲ್ಲವು ಎಂಬುದನ್ನು ಸುಧಾರಣೆಯ ಮಾತಾಡುವವರು ಮೊದಲು ಅರಿಯಬೇಕು.

ಆದ್ದರಿಂದ ಒಂದು ಸಭೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡುವುದು ಒಳಿತು. ಉದಾಹರಣೆಗಾಗಿ ಭೋಸರಿಯಲ್ಲಿ 64 ಸದಸ್ಯರಿರುವ, ಏಳು ಮಂದಿ ವಿಶ್ವಸ್ತರಿರುವ ಒಂದು ಸಂಘವನ್ನು ಕಲ್ಪಿಸಿಕೊಳ್ಳಬಹುದು. ಸರ್ವಸಾಧಾರಣ ಸಭೆಗೆ 15 ಪೂರ್ಣ ದಿನಗಳ ನೋಟೀಸು ಬೇಕು, ಮೂರನೆಯ ಒಂದು ಭಾಗ ಸದಸ್ಯರಿದ್ದರೆ ಕೋರಂ ಎಂದು ಅದರ ನಿಯಮಾವಳಿ ಹೇಳುತ್ತದೆ. ಸಂಘದ ಮುಂದೆ ಎರಡು ದೊಡ್ಡ ವಿಷಯಗಳಿವೆ. ಪಾಠಶಾಲೆ ನಡೆಯುವ ಬಾಡಿಗೆ ಸಭಾಂಗಣದ ಕರಾರು 2025ರ ಮಾರ್ಚ್ 31ಕ್ಕೆ ಮುಗಿಯಲಿದೆ. ವಿಶ್ವಸ್ತರಲ್ಲಿ ಇಬ್ಬರು ರಾಜೀನಾಮೆ ಕೊಟ್ಟು ಪುಣೆಯಿಂದ ಹೊರಟಿದ್ದಾರೆ.

ಮೊದಲನೆಯ ಕೆಲಸ ದಿನ ಗೊತ್ತುಮಾಡುವುದು. ಭೋಸರಿಯಲ್ಲಿ ಇದು ಕಂಡಷ್ಟು ಸುಲಭವಲ್ಲ. ಕೈಗಾರಿಕಾ ವಸಾಹತಿನ ಅನೇಕ ಘಟಕಗಳಿಗೆ ವಾರದ ರಜೆ ಗುರುವಾರ, ಕಚೇರಿಗೆ ಹೋಗುವವರಿಗೆ ಭಾನುವಾರ. ಮಧ್ಯಾಹ್ನ ಇಟ್ಟರೆ ಎರಡನೆಯ ಪಾಳಿಯವರು ಬರಲಾರರು. ಸಂಜೆ ಇಟ್ಟರೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳವರು ಚರ್ಚೆ ಕಾವೇರುವ ಹೊತ್ತಿಗೇ ಎದ್ದು ಹೋಗುತ್ತಾರೆ. ಮತ ಎಣಿಸುವ ಹೊತ್ತಿಗೆ ಉಳಿಯುವವರು ಹನ್ನೆರಡು ಮಂದಿ. ಭಾನುವಾರ ಬೆಳಿಗ್ಗೆ 10ರಿಂದ 12 ಎಂದರೆ ರಾತ್ರಿಪಾಳಿ ಮುಗಿಸಿದವರಿಗೂ ಎರಡನೆಯ ಪಾಳಿಗೆ ಹೊರಡುವವರಿಗೂ ಅನುಕೂಲ. ಸಂಘವು ಫೆಬ್ರವರಿ 9ರ ಭಾನುವಾರವನ್ನು ಆರಿಸಿತೆನ್ನೋಣ.

ಈಗ ದಿನಗಳ ಲೆಕ್ಕ. ಪೂರ್ಣ ದಿನಗಳು ಎಂದರೆ ನೋಟೀಸು ತಲುಪಿದ ದಿನವನ್ನೂ ಸಭೆ ನಡೆಯುವ ದಿನವನ್ನೂ ಬಿಟ್ಟು ನಡುವಿನ ದಿನಗಳನ್ನು ಎಣಿಸುವುದು. ಜನವರಿ 25ರಿಂದ 31ರವರೆಗೆ ಏಳು ದಿನ, ಫೆಬ್ರವರಿ 1ರಿಂದ 8ರವರೆಗೆ ಎಂಟು ದಿನ, ಒಟ್ಟು ಹದಿನೈದು. ಎಂದರೆ ಜನವರಿ 24ರೊಳಗೆ ಪ್ರತಿ ಸದಸ್ಯರಿಗೂ ನೋಟೀಸು ತಲುಪಿರಬೇಕು. 26ರಂದು ಧ್ವಜವಂದನೆಗೆ ಎಲ್ಲರೂ ಸೇರುತ್ತಾರೆ, ಅಲ್ಲಿಯೇ ಹಂಚಿದರಾಯಿತು ಎಂದುಕೊಂಡರೆ ಎರಡು ದಿನ ಕಡಿಮೆ ಬೀಳುತ್ತದೆ. ಇಂಥ ಎರಡು ದಿನಗಳ ಕೊರತೆಯನ್ನೇ ಹಿಡಿದು, ತಕರಾರು ಮಾಡುವವರು ಇಡೀ ಸಭೆಯನ್ನೇ ಅಸಿಂಧುವೆಂದು ವಾದಿಸಬಲ್ಲರು. ತಲುಪಿಸುವ ಬಗೆಯೂ ನಿಯಮಾವಳಿ ಹೇಳಿದಂತೆಯೇ ಇರಬೇಕು. ಅಂಚೆ ಎಂದಿದ್ದರೆ ಅಂಚೆಯ ರಸೀದಿ, ಕೈಯಲ್ಲಿ ಎಂದಿದ್ದರೆ ಪಡೆದವರ ಸಹಿಯ ಪಟ್ಟಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು ನೆನಪೋಲೆಗೆ ಸಾಕು. ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ಅದನ್ನೇ ನೋಟೀಸು ಎಂದು ನಂಬುವಂತಿಲ್ಲ.

ವಾಸದ ಸಹಕಾರಿ ಸೊಸೈಟಿಗಳ ಲೆಕ್ಕ ಬೇರೆ. ಅಲ್ಲಿಯ ಮಾದರಿ ಉಪವಿಧಿಗಳಂತೆ ವಾರ್ಷಿಕ ಸಭೆಗೆ 14 ಪೂರ್ಣ ದಿನಗಳ ನೋಟೀಸು ಬೇಕು, ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಬಾರದು. ನೋಟೀಸು ಬರೆಯುವ ಮುನ್ನ ತಮ್ಮ ಸಂಸ್ಥೆಯ ನಿಯಮಾವಳಿಯ ಪುಟವನ್ನು ತೆರೆದು ಎದುರಿಗಿಟ್ಟುಕೊಳ್ಳುವುದೇ ಕಾರ್ಯದರ್ಶಿಯ ಮೊದಲ ಹೆಜ್ಜೆ.

ನೋಟೀಸಿನ ಜೊತೆಗೆ ಹೋಗುವುದು ಕಾರ್ಯಸೂಚಿ. ಮರಾಠಿಯಲ್ಲಿ ವಿಷಯಪತ್ರಿಕೆ ಎನ್ನುವುದು ಇದನ್ನೇ. ಇದರಲ್ಲಿ ‘ಸಭಾಂಗಣದ ವಿಷಯ’ ಎಂದು ಎರಡು ಪದ ಬರೆದು ಬಿಡುವುದು ರೂಢಿ. ಅದನ್ನು ಓದಿದ ಸದಸ್ಯ ಏನನ್ನು ಯೋಚಿಸಿಕೊಂಡು ಬರಬೇಕು? ಒಬ್ಬರು ದುರಸ್ತಿಯ ಮಾತೆಂದು ತಿಳಿಯುತ್ತಾರೆ, ಇನ್ನೊಬ್ಬರು ಸ್ವಂತ ಜಾಗ ಕೊಳ್ಳುವ ಮಾತೆಂದು ಸಿದ್ಧರಾಗಿ ಬರುತ್ತಾರೆ. ಮೊದಲ ಅರ್ಧ ಗಂಟೆ ವಿಷಯ ಯಾವುದೆಂದು ಕಂಡುಕೊಳ್ಳುವುದರಲ್ಲಿಯೇ ಕಳೆಯುತ್ತದೆ. ಅದರ ಬದಲು ಹೀಗೆ ಬರೆಯಬಹುದು: ‘ಪಾಠಶಾಲೆಯ ಸಭಾಂಗಣದ ಕರಾರು ಮಾರ್ಚ್ 31ಕ್ಕೆ ಮುಗಿಯುವುದರಿಂದ, ಅದನ್ನು ಹನ್ನೊಂದು ತಿಂಗಳಿಗೆ ನವೀಕರಿಸಬೇಕೇ ಅಥವಾ ಬೇರೆ ಸ್ಥಳಕ್ಕೆ ಹೋಗಬೇಕೇ ಎಂದು ತೀರ್ಮಾನಿಸುವುದು ಹಾಗೂ ತಿಂಗಳ ಬಾಡಿಗೆಯ ಮಿತಿಯನ್ನು ಗೊತ್ತುಪಡಿಸುವುದು.’ ಈ ವಾಕ್ಯದಲ್ಲಿ ಪ್ರಶ್ನೆಯೂ ಇದೆ, ಆಯ್ಕೆಗಳೂ ಇವೆ, ಸಭೆ ಕೊನೆಗೆ ಏನನ್ನು ಕೊಡಬೇಕೆಂಬುದೂ ಇದೆ. ಇದರೊಡನೆ ಒಂದು ಪುಟದ ಟಿಪ್ಪಣಿ ಹೋಗಬೇಕು. ಈಗಿನ ಬಾಡಿಗೆ 18,000 ರೂಪಾಯಿ, ಮಾಲೀಕರು ಕೇಳುತ್ತಿರುವುದು 21,000. ಇನ್ನೊಂದು ಸ್ಥಳ 16,000ಕ್ಕೆ ದೊರೆಯುತ್ತದೆ, ಆದರೆ ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಈ ನಾಲ್ಕು ಸಂಗತಿಗಳನ್ನು ಮನೆಯಲ್ಲಿಯೇ ಓದಿ ಬಂದರೆ ಸಭೆಯಲ್ಲಿ ಅವನ್ನು ಹೇಳಲು ಇಪ್ಪತ್ತು ನಿಮಿಷ ಬೇಕಾಗುವುದಿಲ್ಲ.

ವಿಷಯಗಳ ಕ್ರಮಕ್ಕೂ ಒಂದು ತರ್ಕವಿದೆ. ಹಿಂದಿನ ಸಭೆಯ ನಡಾವಳಿಯ ದೃಢೀಕರಣಕ್ಕೆ 5 ನಿಮಿಷ. ಹಿಂದೆ ಒಪ್ಪಿಸಿದ ಕೆಲಸಗಳ ಸ್ಥಿತಿಗೆ 10 ನಿಮಿಷ. ಸಭಾಂಗಣಕ್ಕೆ 40, ವಿಶ್ವಸ್ತರ ಸ್ಥಾನಗಳಿಗೆ 25, ವಿದ್ಯಾರ್ಥಿ ನೆರವಿಗೆ 20, ಇತರ ವಿಷಯಗಳಿಗೆ 5. ಒಟ್ಟು 105 ನಿಮಿಷ. ಎರಡು ಗಂಟೆಯಲ್ಲಿ ಉಳಿಯುವ 15 ನಿಮಿಷ ತೀರ್ಮಾನಗಳನ್ನು ಕೊನೆಯಲ್ಲಿ ಒಮ್ಮೆ ಓದಿ ಹೇಳುವುದಕ್ಕೆ. ಭಾರವಾದ ವಿಷಯಗಳು ಮೊದಲ ಗಂಟೆಯಲ್ಲಿ ಬರಬೇಕು, ಏಕೆಂದರೆ ಆಗ ಹಾಜರಿ ತುಂಬಿರುತ್ತದೆ, ಮನಸ್ಸೂ ತಾಜಾ ಇರುತ್ತದೆ. ಎರಡನೆಯ ವಿಷಯವಾದ ಹಿಂದಿನ ಕೆಲಸಗಳ ಸ್ಥಿತಿಯನ್ನು ಭೋಸರಿಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಐಎಸ್‌ಒ 9001 ಪಡೆದ ಕಾರ್ಖಾನೆಯ ಆಡಳಿತ ಪರಿಶೀಲನಾ ಸಭೆಯಲ್ಲಿ ಮೊದಲು ನೋಡಬೇಕಾದ ಅಂಶವಾಗಿ ಹಿಂದಿನ ಸಭೆಯ ಕೆಲಸಗಳು ಏನಾದವು ಎಂಬುದನ್ನೇ ಆ ಮಾನದಂಡ ಹೆಸರಿಸುತ್ತದೆ. ಪ್ರತಿ ಸಭೆಯೂ ಹಿಂದಿನದಕ್ಕೆ ಲೆಕ್ಕ ಕೇಳಿದಾಗ ಮಾತ್ರ ಒಪ್ಪಿಕೊಂಡ ಕೆಲಸಕ್ಕೆ ಬೆಲೆ ಬರುತ್ತದೆ.

‘ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯಗಳು’ ಎಂಬ ಕೊನೆಯ ಸಾಲಿನ ಬಗ್ಗೆ ಎಚ್ಚರ ಬೇಕು. ಅದು ಸಣ್ಣ ಸೂಚನೆಗಳಿಗೆ, ಅಭಿನಂದನೆಗಳಿಗೆ ಇರುವ ಜಾಗ. ಆಸ್ತಿ, ಹಣ, ಪದಾಧಿಕಾರ, ನಿಯಮಾವಳಿ ತಿದ್ದುಪಡಿ ಈ ಬಾಗಿಲಿನಿಂದ ಒಳಬರಬಾರದು. ಮನೆಯಲ್ಲಿ ಉಳಿದ ಸದಸ್ಯರು ಕಾರ್ಯಸೂಚಿಯನ್ನು ನೋಡಿಯೇ ಬರಬೇಕೋ ಬೇಡವೋ ಎಂದು ನಿರ್ಧರಿಸಿರುತ್ತಾರೆ. ಅದರಲ್ಲಿ ಇಲ್ಲದ ದೊಡ್ಡ ವಿಷಯವನ್ನು ತೀರ್ಮಾನಿಸುವುದೆಂದರೆ ಅವರ ಬೆನ್ನ ಹಿಂದೆ ತೀರ್ಮಾನಿಸಿದಂತೆ. ಅಂಥ ವಿಷಯ ಎದ್ದರೆ ‘ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲಾಗುವುದು’ ಎಂದು ಬರೆದು ಮುಂದೆ ಹೋಗುವುದೇ ಸರಿಯಾದ ಮಾರ್ಗ.

ಸಭೆಯ ದಿನ ಬಂದಿತು. ಹಾಜರಿ ಪುಸ್ತಕದ ಮೇಲ್ಭಾಗದಲ್ಲಿ ಸಭೆಯ ಬಗೆ, ದಿನಾಂಕ, ಸ್ಥಳ ಬರೆದ ಬಳಿಕವೇ ಸಹಿ ಪಡೆಯಬೇಕು. ಖಾಲಿ ಹಾಳೆಯ ಮೇಲೆ ಪಡೆದ ಸಹಿಗಳ ಮೇಲೆ ನಾಳೆ ಏನನ್ನಾದರೂ ಬರೆಯಬಹುದು ಎಂಬ ಶಂಕೆಗೆ ಎಡೆಗೊಡಬಾರದು. ಹಾಜರಿಯ ಸಹಿ ಬಂದದ್ದಕ್ಕೆ ಸಾಕ್ಷಿ, ಒಪ್ಪಿದ್ದಕ್ಕಲ್ಲ. ನಮ್ಮ ಸಂಘಗಳಲ್ಲಿ ಇನ್ನೊಂದು ರೂಢಿಯೂ ಇದೆ. ಸದಸ್ಯತ್ವ ಗಂಡನ ಹೆಸರಿನಲ್ಲಿ, ಸಭೆಗೆ ಬಂದು ಮಾತನಾಡಿ ಕೈ ಎತ್ತುವುದು ಹೆಂಡತಿ, ಪುಸ್ತಕದಲ್ಲಿ ಬೀಳುವುದು ಗಂಡನ ಹೆಸರಿನ ಸಹಿ. ಪಾಠಶಾಲೆಯನ್ನು ನಡೆಸುವ ಹೆಣ್ಣುಮಕ್ಕಳು ದಾಖಲೆಯಲ್ಲಿ ಎಲ್ಲಿಯೂ ಇರುವುದಿಲ್ಲ, ಇದ್ದವರ ಮತವೂ ಕಾನೂನಿನ ಕಣ್ಣಿಗೆ ಮತವಾಗುವುದಿಲ್ಲ. ಬದಲಿ ಪ್ರತಿನಿಧಿಗೆ ನಿಯಮಾವಳಿಯಲ್ಲಿ ಅವಕಾಶವಿದ್ದರೆ ಪತ್ರ ಪಡೆಯಬೇಕು. ಇಲ್ಲದಿದ್ದರೆ ಅವರನ್ನೇ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು. ಅದುವರೆಗೆ ‘ಆಹ್ವಾನಿತರು’ ಎಂದು ಅವರ ಸ್ವಂತ ಹೆಸರಿನಲ್ಲಿ ಹಾಜರಿ ಬರೆಯುವುದೇ ಪ್ರಾಮಾಣಿಕ ದಾಖಲೆ.

64ರಲ್ಲಿ ಮೂರನೆಯ ಒಂದು ಭಾಗವೆಂದರೆ 21ಕ್ಕೆ ಸ್ವಲ್ಪ ಹೆಚ್ಚು, ಆದ್ದರಿಂದ ಕೋರಂ 22. ಆರಂಭದಲ್ಲಿ 37 ಸದಸ್ಯರಿದ್ದರು ಎನ್ನೋಣ. ಅಧ್ಯಕ್ಷರು ಅದನ್ನು ಘೋಷಿಸಿದ ವೇಳೆಯನ್ನು ಬರೆಯಬೇಕು. ಪ್ರತಿ ಮತದಾನದ ಮೊದಲು ತಲೆ ಎಣಿಸುವ ಅಭ್ಯಾಸವೂ ಬೇಕು. ಆರಂಭದ ಕೋರಂ ಕೊನೆಯವರೆಗೆ ಉಳಿಯಿತೆಂದು ಊಹಿಸುವುದರಿಂದಲೇ ಅನೇಕ ಠರಾವುಗಳು ದುರ್ಬಲವಾಗುತ್ತವೆ.

ನಡಾವಳಿ ಬರೆಯುವವರು ಅಧ್ಯಕ್ಷರಾಗಿರಬಾರದು, ಬಿಸಿಯಾದ ವಿಷಯದಲ್ಲಿ ಒಂದು ಪಕ್ಷದ ಮುಖ್ಯ ವಾದಿಯೂ ಆಗಿರಬಾರದು. ವಾದಿಸುವವನ ಕೈ ಬರೆಯುವುದನ್ನು ಮರೆಯುತ್ತದೆ, ಬರೆದರೂ ತನ್ನ ಮಾತನ್ನೇ ಹೆಚ್ಚು ಬರೆಯುತ್ತದೆ. ಅಧ್ಯಕ್ಷರ ಪಾಲಿಗೆ ಒಂದೇ ಒಂದು ನಿಯಮ ಸಾಕು: ಒಂದು ವಿಷಯದ ತೀರ್ಮಾನವನ್ನು ಗಟ್ಟಿಯಾಗಿ ಓದಿಸದೆ ಮುಂದಿನ ವಿಷಯಕ್ಕೆ ಹೋಗಬಾರದು. ಸಭಾಂಗಣದ ಮೇಲೆ ನಲವತ್ತು ನಿಮಿಷ ಮಾತಾದ ಬಳಿಕ, ‘ಸರಿ, ಹಾಗಾದರೆ ನವೀಕರಿಸೋಣ’ ಎಂಬ ಧ್ವನಿ ಏಳುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ. ಆಗ ಬರೆಯುವವರು ಎದ್ದು ಓದಿದರೆ ನಿಜ ತಿಳಿಯುತ್ತದೆ. ಕೆಲವರು ತಲೆಯಾಡಿಸಿದ್ದು 18,000ಕ್ಕೆ, ಕೆಲವರು 21,000ಕ್ಕೆ. ಆ ಭೇದ ಅಲ್ಲಿಯೇ ಹೊರಬಿದ್ದರೆ ಐದು ನಿಮಿಷದಲ್ಲಿ ಬಗೆಹರಿಯುತ್ತದೆ, ಎರಡು ತಿಂಗಳ ಬಳಿಕ ಬಿದ್ದರೆ ಎರಡು ಗುಂಪುಗಳಾಗುತ್ತವೆ.

ಈಗ ಬರವಣಿಗೆ. ರೂಢಿಯ ನಡಾವಳಿ ಹೀಗಿರುತ್ತದೆ: ‘ಸಭಾಂಗಣದ ಬಗ್ಗೆ ದೀರ್ಘ ಚರ್ಚೆ ನಡೆಯಿತು. ಅನೇಕ ಗಣ್ಯರು ತಮ್ಮ ಅಮೂಲ್ಯ ಅಭಿಪ್ರಾಯಗಳನ್ನು ಮಂಡಿಸಿದರು. ಕೊನೆಗೆ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಎಲ್ಲರೂ ಸಹಕರಿಸಬೇಕೆಂದು ಅಧ್ಯಕ್ಷರು ಕೋರಿದರು.’ ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಆದರೆ ಕೋಶಾಧಿಕಾರಿ ಇದನ್ನು ಹಿಡಿದು ಒಂದು ಚೆಕ್ ಬರೆಯಲಾರರು. ಸೂಕ್ತ ಕ್ರಮ ಯಾವುದು, ಎಷ್ಟು ಹಣಕ್ಕೆ, ಯಾರಿಂದ ಎಂಬುದು ಇಲ್ಲ. ಅದೇ ವಿಷಯವನ್ನು ಹೀಗೆ ಬರೆಯಬಹುದು:

‘ವಿಷಯ 3. ಪಾಠಶಾಲೆಯ ಸಭಾಂಗಣ. ನೋಟೀಸಿನೊಡನೆ ಕಳುಹಿಸಿದ ಟಿಪ್ಪಣಿಯನ್ನು ಕಾರ್ಯದರ್ಶಿಗಳು ವಿವರಿಸಿದರು. ಎರಡನೆಯ ಸ್ಥಳದ ಬಾಡಿಗೆ ಕಡಿಮೆಯಾದರೂ ಲಿಫ್ಟ್ ಇಲ್ಲದ್ದರಿಂದ ಹಿರಿಯರಿಗೆ ತೊಂದರೆಯಾಗುವುದೆಂದು ಕೆಲವು ಸದಸ್ಯರು ತಿಳಿಸಿದರು. ಬಾಡಿಗೆ ಏರಿಕೆಯಿಂದ ವಿದ್ಯಾರ್ಥಿ ನೆರವಿನ ನಿಧಿಗೆ ಕೊರತೆ ಬೀಳುವುದೆಂದು ಕೆಲವರು ಆಕ್ಷೇಪಿಸಿದರು. ಠರಾವು ಸಂಖ್ಯೆ 3/2025: ಈಗಿನ ಸಭಾಂಗಣದ ಕರಾರನ್ನು 2025ರ ಏಪ್ರಿಲ್ 1ರಿಂದ ಹನ್ನೊಂದು ತಿಂಗಳ ಅವಧಿಗೆ, ತಿಂಗಳಿಗೆ 19,500 ರೂಪಾಯಿ ಮೀರದ ಬಾಡಿಗೆಗೆ ನವೀಕರಿಸತಕ್ಕದ್ದು. ಮಾರ್ಚ್ 5ರೊಳಗೆ ಮಾಲೀಕರು ಈ ಮಿತಿಗೆ ಒಪ್ಪದಿದ್ದರೆ ಎರಡನೆಯ ಸ್ಥಳವನ್ನು 16,000 ರೂಪಾಯಿಗೆ ಪಡೆಯತಕ್ಕದ್ದು. ಮತದಾನದ ವೇಳೆ ಹಾಜರಿದ್ದವರು 31. ಪರ 26, ವಿರೋಧ 3, ತಟಸ್ಥ 2.’ ಇದರ ಕೆಳಗೆ ಸೂಚಕರ ಮತ್ತು ಅನುಮೋದಕರ ಪೂರ್ಣ ಹೆಸರು.

ಎರಡನ್ನೂ ಹೋಲಿಸಿ ನೋಡಿದರೆ ಕೆಲವು ಸಂಗತಿಗಳು ತಾವಾಗಿ ಕಾಣುತ್ತವೆ. ಎರಡನೆಯದರಲ್ಲಿ ಭಾಷಣಗಳಿಲ್ಲ, ಕಾರಣಗಳಿವೆ. ಯಾರು ಎಷ್ಟು ಹೊತ್ತು ಮಾತಾಡಿದರು, ಯಾರ ಧ್ವನಿ ಏರಿತು ಎಂಬುದನ್ನು ಬಿಟ್ಟು, ತೀರ್ಮಾನವನ್ನು ಆ ಕಡೆಗೋ ಈ ಕಡೆಗೋ ಎಳೆದ ವಾದವನ್ನು ಮಾತ್ರ ಒಂದೊಂದು ವಾಕ್ಯದಲ್ಲಿ ಇಡಲಾಗಿದೆ. ಚರ್ಚೆಯ ಭಾಗ ಭೂತಕಾಲದಲ್ಲಿದೆ, ಠರಾವು ಆಜ್ಞೆಯ ರೂಪದಲ್ಲಿದೆ. ಆದ್ದರಿಂದ ಮಾತು ಎಲ್ಲಿ ಮುಗಿಯಿತು, ತೀರ್ಮಾನ ಎಲ್ಲಿ ಆರಂಭವಾಯಿತು ಎಂಬುದು ಕಣ್ಣಿಗೆ ಹೊಡೆದು ಕಾಣುತ್ತದೆ. ಮಾಲೀಕರು ಒಪ್ಪದಿದ್ದರೆ ಏನು ಎಂಬುದಕ್ಕೂ ಉತ್ತರವಿರುವುದರಿಂದ ಇನ್ನೊಂದು ಸಭೆ ಕರೆಯಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ವಿರೋಧದ ಎಣಿಕೆ. ಒಗ್ಗಟ್ಟು ಕಾಣಲೆಂದು ಎಲ್ಲ ಠರಾವಿಗೂ ‘ಸರ್ವಾನುಮತದಿಂದ’ ಎಂದು ಬರೆಯುವುದು ಸಮಾಜದ ಹಳೆಯ ಚಟ. ವಿರೋಧಿಸಿದ ಮೂವರು ಮುಂದೆ ಆ ಪುಸ್ತಕವನ್ನು ನೋಡಿದಾಗ, ತಾವು ಹೇಳಿದ್ದು ಅಲ್ಲಿ ಇಲ್ಲವೆಂದು ಕಂಡಾಗ, ಆ ಒಂದು ಠರಾವಿನ ಮೇಲಷ್ಟೇ ಅಲ್ಲ, ಇಡೀ ಪುಸ್ತಕದ ಮೇಲೆ ಅವರ ನಂಬಿಕೆ ಹೋಗುತ್ತದೆ. ವಿರೋಧ ದಾಖಲಾದವರು ಸಾಮಾನ್ಯವಾಗಿ ತೀರ್ಮಾನಕ್ಕೆ ತಲೆಬಾಗುತ್ತಾರೆ. ಅಳಿಸಿಹಾಕಲ್ಪಟ್ಟವರೇ ಅರ್ಜಿ ಹಿಡಿದು ಕಚೇರಿ ಹತ್ತುವುದು. ತಮ್ಮ ವಿರೋಧವನ್ನು ಹೆಸರಿನೊಡನೆ ಬರೆಯಬೇಕೆಂದು ಸದಸ್ಯರು ಕೇಳಿದರೆ ಹಾಗೆಯೇ ಬರೆಯಬೇಕು.

ನಾಲ್ಕನೆಯ ವಿಷಯ ವಿಶ್ವಸ್ತರದು. ಇಲ್ಲಿ ‘ಹೊಸ ಆಡಳಿತ ಮಂಡಳಿ ರಚಿಸಲಾಯಿತು’ ಎಂದಷ್ಟೇ ಬರೆದರೆ ಚೇಂಜ್ ರಿಪೋರ್ಟಿಗೆ ಅದು ಸಾಲದು. ಯಾವ ಇಬ್ಬರ ಸ್ಥಾನ ತೆರವಾಯಿತು, ಯಾವ ಕಾರಣದಿಂದ, ರಾಜೀನಾಮೆ ಪತ್ರದ ದಿನಾಂಕ ಯಾವುದು, ಅದನ್ನು ಸಭೆ ಅಂಗೀಕರಿಸಿತೇ, ನಿಯಮಾವಳಿಯ ಯಾವ ನಿಯಮದಂತೆ ಆಯ್ಕೆ ನಡೆಯಿತು, ಹೊಸಬರ ಪೂರ್ಣ ಹೆಸರು ಏನು, ಅವರ ಅವಧಿ ಎಲ್ಲಿಯವರೆಗೆ, ಅವರು ಒಪ್ಪಿಗೆ ಕೊಟ್ಟರೇ ಎಂಬುದೆಲ್ಲ ಬರಬೇಕು. ತೆರವಾದ ಸ್ಥಾನಕ್ಕೂ ತುಂಬಿದ ಸ್ಥಾನಕ್ಕೂ ಒಂದಕ್ಕೊಂದು ಹೊಂದುವ ಲೆಕ್ಕವಿರಬೇಕು. ಏಳರಲ್ಲಿ ಇಬ್ಬರು ಹೋಗಿ ಇಬ್ಬರು ಬಂದರೆ ಮತ್ತೆ ಏಳು. ಈ ಸರಳ ಕೂಡುಕಳೆ ತಪ್ಪಿದ ದಾಖಲೆಯಲ್ಲಿ ರಾಜೀನಾಮೆ ಕೊಟ್ಟವರು ಕಾಗದದ ಮೇಲೆ ವಿಶ್ವಸ್ತರಾಗಿಯೇ ಉಳಿದುಬಿಡುತ್ತಾರೆ.

ಠರಾವು ಆದಮೇಲೆ ಅದು ಕೆಲಸವಾಗಬೇಕಷ್ಟೆ. ಅದಕ್ಕೆ ನಡಾವಳಿಯ ಕೊನೆಯಲ್ಲಿ ಕೆಲಸಗಳ ಪಟ್ಟಿಯೊಂದು ಬೇಕು. ಕಾರ್ಖಾನೆಯ ಹಲಗೆಯ ಮೇಲೆ ಇರುವ ಮೂರು ಕಾಲಂಗಳೇ ಇಲ್ಲಿಯೂ ಸಾಕು: ಕೆಲಸ, ಹೊಣೆ, ದಿನಾಂಕ. ನಾಲ್ಕನೆಯದೊಂದನ್ನು ಸೇರಿಸಿದರೆ ಇನ್ನೂ ಒಳ್ಳೆಯದು: ಮುಗಿಯಿತು ಎಂಬುದಕ್ಕೆ ಗುರುತು. ‘ಮಾಲೀಕರೊಡನೆ ಮಾತಾಡುವುದು’ ಎಂಬ ಕೆಲಸ ಎಂದಿಗೂ ಮುಗಿಯುವುದಿಲ್ಲ, ಏಕೆಂದರೆ ಮಾತು ಯಾವಾಗ ಮುಗಿಯಿತೆಂದು ಹೇಳುವವರು ಯಾರು? ‘19,500ರ ಮಿತಿಯನ್ನು ತಿಳಿಸಿ ಮಾಲೀಕರ ಲಿಖಿತ ಉತ್ತರ ಪಡೆಯುವುದು, ಹೊಣೆ ಕಾರ್ಯದರ್ಶಿ, ಮಾರ್ಚ್ 5, ಗುರುತು ಉತ್ತರದ ಪ್ರತಿ’ ಎಂದರೆ ಆ ದಿನ ಬಂದಾಗ ಆಗಿದೆಯೋ ಇಲ್ಲವೋ ಎಂಬುದರಲ್ಲಿ ಎರಡು ಮಾತಿಲ್ಲ. ಅದೇ ರೀತಿ ‘ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ನೋಂದಣಿ ಮಾಡಿಸುವುದು, ಹೊಣೆ ಕೋಶಾಧಿಕಾರಿ, ಮಾರ್ಚ್ 28, ಗುರುತು ನೋಂದಾಯಿತ ಪ್ರತಿ.’ ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳ ಇಂಥ ಕರಾರಿಗೂ ನೋಂದಣಿ ಕಡ್ಡಾಯವಾದ್ದರಿಂದ ಈ ಸಾಲನ್ನು ಬಿಡುವಂತಿಲ್ಲ.

ಹೊಣೆಯ ಕಾಲಂನಲ್ಲಿ ಒಬ್ಬರ ಹೆಸರು ಮಾತ್ರ ಇರಬೇಕು. ಅವರಿಗೆ ನೆರವಾಗುವವರು ಹತ್ತು ಮಂದಿ ಇರಲಿ, ಕೇಳಿದಾಗ ಉತ್ತರ ಕೊಡುವವರು ಒಬ್ಬರೇ. ‘ಸಮಿತಿ’ ಎಂದೋ ‘ಯುವಕರು’ ಎಂದೋ ಬರೆದ ಕೆಲಸ ಮುಂದಿನ ಸಭೆಗೆ ಹಾಗೆಯೇ ಮರಳಿ ಬರುತ್ತದೆ. ಸಭೆಗೆ ಬಾರದವರ ತಲೆಗೆ ಕೆಲಸ ಕಟ್ಟುವುದೂ ಒಂದು ರೂಢಿ. ಅವರನ್ನು ಕೇಳಿ ಒಪ್ಪಿಗೆ ಪಡೆಯುವವರೆಗೆ ಆ ಹೊಣೆ ಬರೆಯಬಾರದು.

ದಿನಾಂಕದ ಕಾಲಂನಲ್ಲಿ ‘ಶೀಘ್ರದಲ್ಲಿಯೇ’ ಎಂಬ ಪದಕ್ಕೆ ಜಾಗವಿಲ್ಲ. ಚೇಂಜ್ ರಿಪೋರ್ಟಿನ ದಿನಾಂಕವನ್ನೇ ನೋಡಬಹುದು. ಫೆಬ್ರವರಿ 9ರಿಂದ ಎಣಿಸಿದರೆ ಆ ತಿಂಗಳಿನಲ್ಲಿ ಉಳಿದದ್ದು 19 ದಿನ, ಮಾರ್ಚಿನ 31, ಏಪ್ರಿಲಿನ 30, ಒಟ್ಟು 80. ಇನ್ನು ಹತ್ತು ದಿನ ಸೇರಿಸಿದರೆ 90ನೆಯ ದಿನ ಮೇ 10. ಅದು ಶನಿವಾರ, ಸರ್ಕಾರಿ ಕಚೇರಿಗಳಿಗೆ ರಜೆ. ಕೊನೆಯ ದಿನವನ್ನೇ ಗುರಿಯಾಗಿ ಬರೆದರೆ ಅದು ಮುರಿಯುವುದು ಖಚಿತ. ಹೊಸ ವಿಶ್ವಸ್ತರ ಒಪ್ಪಿಗೆ ಪತ್ರಗಳು ಫೆಬ್ರವರಿ 16ರೊಳಗೆ, ವರದಿ ಮಾರ್ಚ್ 31ರೊಳಗೆ ಎಂದು ಬರೆದರೆ ಒಂದು ಕಾಗದ ಕಡಿಮೆ ಬಿದ್ದರೂ ಸರಿಪಡಿಸಲು ಐದಾರು ವಾರ ಕೈಯಲ್ಲಿರುತ್ತವೆ.

ಭಾಷೆಯ ಪ್ರಶ್ನೆಯನ್ನೂ ಇಲ್ಲಿಯೇ ಹೇಳಬೇಕು. ಮನೆಯಲ್ಲಿ ಕನ್ನಡ, ಕಾಗದದ ಮೇಲೆ ಮರಾಠಿ ಎಂಬ ಬದುಕು ಈ ಭಾಗದ ಜೈನರಿಗೆ ಹೊಸದಲ್ಲ. 1899ರಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಎರಡೂ ಭಾಷೆಯ ಕುಟುಂಬಗಳನ್ನು ಒಂದೇ ಚಪ್ಪರದ ಕೆಳಗೆ ತಂದಿತ್ತು. ನಡಾವಳಿಯನ್ನು ಸದಸ್ಯರು ಓದಬಲ್ಲ ಭಾಷೆಯಲ್ಲಿ ಬರೆಯುವುದು ನ್ಯಾಯ. ಆದರೆ ಪುಣೆಯ ಕಚೇರಿಯಲ್ಲಿ ಅದನ್ನು ನೋಡುವವರು ಮರಾಠಿ ಓದುವವರು. ಕನ್ನಡದಲ್ಲಿ ಬರೆದರೆ ಠರಾವಿನ ಭಾಗವನ್ನಾದರೂ ಅದೇ ಸಭೆಯಲ್ಲಿ ಮರಾಠಿಯಲ್ಲಿಯೂ ಓದಿ, ಪಕ್ಕದಲ್ಲಿಯೇ ಬರೆದಿಡುವುದು ಕ್ಷೇಮ. ತಿಂಗಳುಗಳ ಬಳಿಕ ಬೇರೆ ಯಾರೋ ಅವಸರದಲ್ಲಿ ಮಾಡಿದ ಅನುವಾದದಲ್ಲಿ ‘ಮೀರದ ಬಾಡಿಗೆ’ ಎಂಬುದು ‘ಇಷ್ಟು ಬಾಡಿಗೆ’ ಎಂದಾದರೆ ಠರಾವಿನ ಅರ್ಥವೇ ಬದಲಾಗುತ್ತದೆ.

ಕರಡು ನಡಾವಳಿ ಒಂದು ವಾರದೊಳಗೆ, ನೆನಪು ಹಸಿಯಾಗಿರುವಾಗಲೇ, ಎಲ್ಲ ಸದಸ್ಯರಿಗೂ ಹೋಗಬೇಕು. ತಿದ್ದುಪಡಿ ಹೇಳಲು ಇನ್ನೊಂದು ವಾರ ಕೊಡಬಹುದು. ಬಳಿಕ ಅದನ್ನು ಪುಟಸಂಖ್ಯೆಯುಳ್ಳ, ಹೊಲಿದ ಪುಸ್ತಕಕ್ಕೆ ಇಳಿಸಬೇಕು. ಇಲ್ಲಿಯವರು ಪ್ರೊಸೀಡಿಂಗ್ ಬುಕ್ ಎನ್ನುವುದು ಇದನ್ನೇ. ಮುದ್ರಿಸಿ ಅಂಟಿಸುವುದಾದರೆ ಪ್ರತಿ ಹಾಳೆಯ ಮೇಲೂ ಅಧ್ಯಕ್ಷರ ಸಹಿ ಬೇಕು. ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಬೇಕು. ತಪ್ಪಾದ ಪದವನ್ನು ಬಿಳಿ ಶಾಯಿಯಿಂದ ಮುಚ್ಚದೆ, ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು.

ಮುಂದಿನ ಸಭೆಯಲ್ಲಿ ಆಗುವ ದೃಢೀಕರಣದ ಅರ್ಥವನ್ನು ಬಹುಮಂದಿ ತಪ್ಪಾಗಿ ತಿಳಿದಿದ್ದಾರೆ. ಅಂದು ಕೇಳುವ ಪ್ರಶ್ನೆ ಒಂದೇ: ಬರೆದದ್ದು ನಡೆದದ್ದಕ್ಕೆ ಸರಿಯಾಗಿದೆಯೇ? ‘ಆ ಬಾಡಿಗೆ ಹೆಚ್ಚಾಯಿತು’ ಎಂದು ಅಲ್ಲಿ ಮತ್ತೆ ವಾದಿಸಲು ಬರುವುದಿಲ್ಲ. ತೀರ್ಮಾನವನ್ನೇ ಬದಲಿಸಬೇಕೆಂದಿದ್ದರೆ ಅದನ್ನು ಹೊಸ ವಿಷಯವಾಗಿ ಕಾರ್ಯಸೂಚಿಗೆ ತರಬೇಕು. ಈ ಗಡಿ ತಿಳಿಯದ ಸಂಘಗಳಲ್ಲಿ ಐದು ನಿಮಿಷದ ದೃಢೀಕರಣ ಒಂದು ಗಂಟೆ ನುಂಗುತ್ತದೆ, ಹಿಂದಿನ ಸಭೆ ಎಂದಿಗೂ ಮುಗಿಯುವುದೇ ಇಲ್ಲ.

ನಡಾವಳಿಗೂ ಒಂದು ಮಿತಿಯಿದೆ. ಅದು ಎಷ್ಟೇ ಅಚ್ಚುಕಟ್ಟಾಗಿದ್ದರೂ ನೋಟೀಸಿನ ಲೋಪವನ್ನು ಮುಚ್ಚಲಾರದು, ಇಲ್ಲದ ಕೋರಂ ತರಲಾರದು. ಕಾನೂನು ಬೇರೆಯವರ ಅನುಮತಿ ಕೇಳುವಲ್ಲಿ ಸಭೆಯ ಠರಾವು ಆ ಅನುಮತಿಗೆ ಬದಲಿಯಾಗದು. ನ್ಯಾಸದ ಸ್ವಂತ ಸ್ಥಿರಾಸ್ತಿಯನ್ನು ಮಾರುವುದಕ್ಕೆ, ಇಲ್ಲವೆ ಕಟ್ಟಡವನ್ನು ಮೂರು ವರ್ಷ ಮೀರಿದ ಗುತ್ತಿಗೆಗೆ ಕೊಡುವುದಕ್ಕೆ ಅದೇ ಕಾಯಿದೆಯ 36ನೆಯ ಕಲಮಿನಂತೆ ಧರ್ಮಾದಾಯ ಆಯುಕ್ತರ ಪೂರ್ವಾನುಮತಿ ಬೇಕು. ನೂರಕ್ಕೆ ನೂರು ಸದಸ್ಯರು ಕೈ ಎತ್ತಿದರೂ ಈ ಮಾತು ಬದಲಾಗದು. ಅಂಥ ವಿಷಯದಲ್ಲಿ ಠರಾವು ‘ಮಾರತಕ್ಕದ್ದು’ ಎಂದಿರಬಾರದು, ‘ಮಾರಾಟಕ್ಕೆ ಪೂರ್ವಾನುಮತಿ ಕೋರಿ ಅರ್ಜಿ ಸಲ್ಲಿಸತಕ್ಕದ್ದು’ ಎಂದಿರಬೇಕು.

ಸಂಘದ ಪುಸ್ತಕ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಆ ಸಭೆಗೆ ಬಾರದ, ಯಾವ ಪಕ್ಷಕ್ಕೂ ಸೇರದ ಒಬ್ಬ ಸದಸ್ಯರ ಕೈಗೆ ಪುಸ್ತಕವನ್ನು ಕೊಟ್ಟು ಮೂರು ಪ್ರಶ್ನೆ ಕೇಳಬೇಕು. ಏನು ತೀರ್ಮಾನವಾಯಿತು? ಅದನ್ನು ಯಾರು, ಯಾವ ದಿನದೊಳಗೆ ಮಾಡಬೇಕು? ಒಪ್ಪದವರು ಎಷ್ಟು ಮಂದಿ? ಯಾರನ್ನೂ ಕೇಳದೆ, ಪುಟವನ್ನು ನೋಡಿಯೇ ಅವರು ಉತ್ತರಿಸಿದರೆ ಕಾರ್ಯದರ್ಶಿಯ ಕೆಲಸ ಮುಗಿದಂತೆ. ಅವರು ತಲೆಯೆತ್ತಿ ‘ಅಂದು ಇದ್ದವರನ್ನು ಕೇಳಬೇಕು’ ಎಂದರೆ, ಮುಂದಿನ ಸಭೆಯ ಮೊದಲ ವಿಷಯ ಯಾವುದೆಂಬುದು ಗೊತ್ತಾದಂತೆ.